ಬ್ಲಡ್ ರಿಪೋರ್ಟ್‌ನಲ್ಲಿ ಒಂಬತ್ತು ಕೆಂಪು ಗುರುತು: ಅದರಲ್ಲಿ ಕಾಯಿಲೆ ಎಷ್ಟು, ಲೆಕ್ಕ ಎಷ್ಟು?

ಬೆಳಗ್ಗೆ ಏಳಕ್ಕೆ ಲ್ಯಾಬ್‌ನ ಹುಡುಗ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾನೆ. ಸಂಜೆ ಲೋಕಲ್ ಟ್ರೈನು ಥಾಣೆ ದಾಟುವಷ್ಟರಲ್ಲಿ ವಾಟ್ಸ್ಆ್ಯಪ್‌ಗೆ ವರದಿ ಬಂದಿರುತ್ತದೆ. ಡೊಂಬಿವಲಿಯಲ್ಲಿ ಇಳಿಯುವ ಮೊದಲೇ ಅದರ ಸ್ಕ್ರೀನ್‌ಶಾಟ್ ಕುಟುಂಬದ ಗ್ರೂಪಿಗೆ ಹೋಗಿರುತ್ತದೆ. ಡಾಕ್ಟರ್ ನೋಡುವುದು ಮರುದಿನ. ಅಷ್ಟರೊಳಗೆ ಊರಿನಿಂದ ಚಿಕ್ಕಪ್ಪನ ಉತ್ತರ ಬಂದಾಗಿರುತ್ತದೆ: 'ರಕ್ತ ಕಡಿಮೆ ಇದೆ, ಬೀಟ್‌ರೂಟ್ ತಿನ್ನಲಿ'.

ಥಾಣೆ, ಕಲ್ಯಾಣ್, ನವಿ ಮುಂಬೈಯ ಕನ್ನಡ ಮನೆಗಳಿಗೆ ಇದು ಹೊಸ ದೃಶ್ಯವಲ್ಲ. ರಕ್ತ ಪರೀಕ್ಷೆ ಸುಲಭವಾಗಿದೆ, ವರದಿ ಬೇಗ ಕೈಸೇರುತ್ತದೆ. ಆದರೆ ಅಂಕಿಯ ಪಕ್ಕ ದಪ್ಪ ಅಕ್ಷರದಲ್ಲಿ ಬರುವ 'ಎಚ್' ಮತ್ತು 'ಎಲ್', ಅಂದರೆ ಹೆಚ್ಚು ಮತ್ತು ಕಡಿಮೆ ಎಂಬ ಗುರುತುಗಳನ್ನು ಯಾರು ಹಾಕಿದರು, ಯಾವುದಕ್ಕೆ ಹೋಲಿಸಿ ಹಾಕಿದರು ಎಂಬುದನ್ನು ವರದಿ ಹೇಳುವುದಿಲ್ಲ. ಅದು ತಿಳಿಯದಿದ್ದರೆ ಇಲ್ಲದ ಕಾಯಿಲೆಗೆ ಹೆದರುವುದೂ ಉಂಟು, ಇರುವ ವಿಷಯ ಕಣ್ತಪ್ಪುವುದೂ ಉಂಟು. ಎರಡೂ ಒಂದೇ ಕಾಗದದಲ್ಲಿ ಆಗಬಹುದು.

ಒಂದು ಮಾದರಿ ವರದಿ

ವಿವರಣೆಗಾಗಿ ಒಂದು ಸಿಬಿಸಿ ವರದಿಯನ್ನು ಕಲ್ಪಿಸಿಕೊಳ್ಳೋಣ. ಸಿಬಿಸಿ ಎಂದರೆ ಕಂಪ್ಲೀಟ್ ಬ್ಲಡ್ ಕೌಂಟ್, ರಕ್ತದಲ್ಲಿರುವ ಕಣಗಳ ಎಣಿಕೆ. ಡೊಂಬಿವಲಿಯ 28 ವರ್ಷದ ಮಹಿಳೆ, ಮದುವೆಯಾಗಿ ಒಂದು ವರ್ಷ. ಜ್ವರವಿಲ್ಲ, ನೋವಿಲ್ಲ. ಆದರೆ ಕಾಲೇಜು ದಿನಗಳಿಂದಲೂ 'ರಕ್ತ ಕಡಿಮೆ' ಎಂದು ಎರಡು ಸಲ ಕಬ್ಬಿಣದ ಮಾತ್ರೆ ತೆಗೆದುಕೊಂಡಿದ್ದಾರೆ. ಎರಡು ಸಲವೂ ಹಿಮೋಗ್ಲೋಬಿನ್ ಹೆಚ್ಚೇನೂ ಏರಲಿಲ್ಲ. ಈಗಿನ ವರದಿ ಹೀಗಿದೆ, ಆವರಣದಲ್ಲಿರುವುದು ಲ್ಯಾಬ್ ಮುದ್ರಿಸಿದ ಮಿತಿ:

ಹಿಮೋಗ್ಲೋಬಿನ್: 10.9 (12.0–15.0), ಕಡಿಮೆ
ಕೆಂಪು ರಕ್ತಕಣ: 5.60 ಮಿಲಿಯನ್ (3.8–4.8), ಹೆಚ್ಚು
ಪಿಸಿವಿ: 35.0 (36–46), ಕಡಿಮೆ
ಎಂಸಿವಿ: 62.5 (83–101), ಕಡಿಮೆ
ಎಂಸಿಎಚ್: 19.5 (27–32), ಕಡಿಮೆ
ಎಂಸಿಎಚ್‌ಸಿ: 31.1 (31.5–34.5), ಕಡಿಮೆ
ಆರ್‌ಡಿಡಬ್ಲ್ಯು: 14.6 (11.6–14.0), ಹೆಚ್ಚು
ಒಟ್ಟು ಬಿಳಿ ರಕ್ತಕಣ: 6,400 (4,000–10,000)
ಲಿಂಫೋಸೈಟ್: ಶೇ 42 (20–40), ಹೆಚ್ಚು
ಪ್ಲೇಟ್‌ಲೆಟ್: 1.36 ಲಕ್ಷ (1.5–4.1), ಕಡಿಮೆ

ಎಣಿಸಿದರೆ ಒಂಬತ್ತು ಗುರುತು. ನೋಡಿದವರ ಎದೆ ಧಸಕ್ಕೆನ್ನಲು ಇಷ್ಟು ಸಾಕು. ಆದರೆ ಇಲ್ಲಿರುವುದು ಒಂಬತ್ತು ತೊಂದರೆಗಳಲ್ಲ.

ಮಿತಿ ಎಲ್ಲಿಂದ ಬಂತು?

ವರದಿಯ ಬಲಬದಿಯ ಕಾಲಂನಲ್ಲಿರುವುದು ರೆಫರೆನ್ಸ್ ರೇಂಜ್. ಹಿಂದೆ ಇದನ್ನು 'ನಾರ್ಮಲ್ ವ್ಯಾಲ್ಯೂ' ಎನ್ನುತ್ತಿದ್ದರು. ಆ ಹೆಸರು ದಾರಿ ತಪ್ಪಿಸುತ್ತದೆ ಎಂದು 1969ರಲ್ಲಿ ಫಿನ್‌ಲ್ಯಾಂಡ್‌ನ ರಾಲ್ಫ್ ಗ್ರಾಸ್‌ಬೆಕ್ ಮತ್ತು ನಿಲ್ಸ್-ಎರಿಕ್ ಸಾರಿಸ್ ಎಂಬ ವಿಜ್ಞಾನಿಗಳು ವಾದ ಮುಂದಿಟ್ಟರು. ಆರೋಗ್ಯವಂತ ಎಂದರೆ ಯಾರು ಎಂಬುದೇ ಸುಲಭದ ಪ್ರಶ್ನೆಯಲ್ಲ. ಹಾಗಾಗಿ ಇಂತಹ ಜನರಲ್ಲಿ ಇಷ್ಟಿರುತ್ತದೆ ಎಂದು ಹೇಳುವುದೇ ಸರಿ ಎಂಬುದು ಅವರ ನಿಲುವು. 'ರೆಫರೆನ್ಸ್' ಎಂಬ ಪದ ನೆಲೆಯೂರಿದ್ದು ಆ ಮೇಲೆ.

ಮಿತಿ ಕಟ್ಟುವ ವಿಧಾನ ಹೀಗೆ. ಕಾಯಿಲೆ ಇಲ್ಲದ, ಔಷಧಿ ತೆಗೆದುಕೊಳ್ಳದ ಕನಿಷ್ಠ 120 ಜನರನ್ನು ಆಯ್ದು, ಒಂದೇ ವಿಧಾನದಲ್ಲಿ ಪರೀಕ್ಷಿಸಿ, ಫಲಿತಾಂಶಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುತ್ತಾರೆ. ಕೆಳಗಿನ ಶೇ 2.5 ಮತ್ತು ಮೇಲಿನ ಶೇ 2.5, ಅಂದರೆ ಆ ತುದಿಯಲ್ಲಿ ಮೂವರನ್ನೂ ಈ ತುದಿಯಲ್ಲಿ ಮೂವರನ್ನೂ ಬಿಟ್ಟು, ನಡುವಿನ ಶೇ 95 ಮಂದಿಯ ಅಂಕಿಗಳನ್ನು ಮಿತಿ ಎಂದು ಇಟ್ಟುಕೊಳ್ಳುತ್ತಾರೆ. ಹೀಗೆ ಬಿಟ್ಟ ಆರು ಮಂದಿಗೂ ಕಾಯಿಲೆ ಇರಲಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಆರೋಗ್ಯವಾಗಿರುವ ನೂರು ಮಂದಿಯಲ್ಲಿ ಐವರು ಮಿತಿಯ ಹೊರಗೆ ಬೀಳುವಂತೆಯೇ ಈ ಗೆರೆ ಎಳೆಯಲಾಗಿದೆ.

ಇದರ ಪರಿಣಾಮ 'ಫುಲ್ ಬಾಡಿ' ಪ್ಯಾಕೇಜ್‌ಗಳಲ್ಲಿ ಕಾಣಿಸುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಪೂರ್ತಿ ಆರೋಗ್ಯವಂತರೊಬ್ಬರಿಗೆ ಮಾಡಿದರೆ, ಕನಿಷ್ಠ ಒಂದರಲ್ಲಾದರೂ ಗುರುತು ಬೀಳುವ ಸಾಧ್ಯತೆ ಸುಮಾರು ಶೇ 64. ಹಬ್ಬದ ರಿಯಾಯಿತಿಯಲ್ಲಿ ಅರವತ್ತು, ಎಪ್ಪತ್ತು ಪರೀಕ್ಷೆ ಮಾಡಿಸಿಕೊಂಡವರ ವರದಿ ಸ್ವಚ್ಛವಾಗಿ ಬಂದರೆ ಅದೇ ಅಪರೂಪ.

ಇನ್ನೊಂದು ಸಂಗತಿ ಹಲವರಿಗೆ ಗೊತ್ತಿರುವುದಿಲ್ಲ. 120 ಜನರನ್ನು ಹುಡುಕಿ ಸ್ವಂತ ಮಿತಿ ಕಟ್ಟುವುದು ಸಣ್ಣ ಲ್ಯಾಬ್‌ಗೆ ಕಷ್ಟ. ಹಾಗಾಗಿ ಯಂತ್ರದ ಕಂಪನಿ ಕೊಟ್ಟ ಮಿತಿಯನ್ನೋ ಪಠ್ಯಪುಸ್ತಕದ ಮಿತಿಯನ್ನೋ ಬಳಸುವುದು ರೂಢಿ. ಮೇಲಿನ ಮಾದರಿಯಲ್ಲಿರುವ 83–101, 3.8–4.8 ಮುಂತಾದ ಮಿತಿಗಳು ನಮ್ಮಲ್ಲಿನ ಅನೇಕ ವರದಿಗಳಲ್ಲಿ ಕಾಣಸಿಗುತ್ತವೆ. ಇವು 'ಡೇಸಿ ಆ್ಯಂಡ್ ಲೂಯಿಸ್' ಎಂದು ಹೆಸರಾದ ಬ್ರಿಟಿಷ್ ಪಠ್ಯಪುಸ್ತಕದಲ್ಲಿರುವ ಅಂಕಿಗಳೇ. ಬೇರೆ ಲ್ಯಾಬ್ ಬೇರೆ ಮೂಲ ಹಿಡಿದಿರಬಹುದು. ಬೇಸಿಗೆ ರಜೆಗೆ ಊರಿಗೆ ಹೋದಾಗ ಅಲ್ಲಿನ ಲ್ಯಾಬ್ ಹಿಮೋಗ್ಲೋಬಿನ್‌ನ ಕೆಳಮಿತಿಯನ್ನು 11.5 ಎಂದು ಇಟ್ಟುಕೊಂಡಿದ್ದರೆ, ಡೊಂಬಿವಲಿಯಲ್ಲಿ 'ಕಡಿಮೆ' ಎನಿಸಿಕೊಂಡ 11.8 ಅಲ್ಲಿ ಸರಿಯಾಗಿಬಿಡುತ್ತದೆ. ರಕ್ತ ಬದಲಾಗಿಲ್ಲ, ಗೆರೆ ಬದಲಾಗಿದೆ ಅಷ್ಟೆ.

ಮಿತಿ ವಯಸ್ಸು, ಲಿಂಗದ ಮೇಲೂ ನಿಂತಿದೆ. ಗಂಡಸರ ಹಿಮೋಗ್ಲೋಬಿನ್ ಕೆಳಮಿತಿ 13, ಹೆಂಗಸರದ್ದು 12. ಗರ್ಭಿಣಿಯರ ರಕ್ತದಲ್ಲಿ ದ್ರವದ ಭಾಗ ಹೆಚ್ಚುವುದರಿಂದ ಅಂಕಿ ಸಹಜವಾಗಿಯೇ ಇಳಿಯುತ್ತದೆ. ಸಂಘ ಸಂಸ್ಥೆಗಳ ತಪಾಸಣೆ ಶಿಬಿರದ ನೂಕುನುಗ್ಗಲಿನಲ್ಲಿ ವಯಸ್ಸೋ ಲಿಂಗವೋ ತಪ್ಪಾಗಿ ದಾಖಲಾದರೆ ಇಡೀ ಬಲಬದಿಯ ಕಾಲಂ ಬೇರೆಯವರದ್ದಾಗುತ್ತದೆ. ಆದ್ದರಿಂದ ಅಂಕಿ ಓದುವ ಮೊದಲು ಹೆಸರಿನ ಸಾಲು ಓದಬೇಕು.

ಸಕ್ಕರೆ, ಕೊಲೆಸ್ಟ್ರಾಲ್ ಅಂಕಿಗಳ ಜಾತಿ ಬೇರೆ. ಎಚ್‌ಬಿಎ1ಸಿ 6.5, ಖಾಲಿ ಹೊಟ್ಟೆಯ ಸಕ್ಕರೆ 126 ಎಂಬ ಗೆರೆಗಳು ಆರೋಗ್ಯವಂತರ ಶೇ 95ರ ಲೆಕ್ಕದಿಂದ ಬಂದವಲ್ಲ. ಅದಕ್ಕಿಂತ ಮೇಲೆ ಹೋದರೆ ಕಣ್ಣು, ಕಿಡ್ನಿಗೆ ಹಾನಿಯ ಅಪಾಯ ಹೆಚ್ಚುತ್ತದೆ ಎಂಬ ಆಧಾರದ ಮೇಲೆ ವೈದ್ಯರು ನಿಗದಿಪಡಿಸಿದ ಗೆರೆಗಳು. ಅಲ್ಲಿ 'ಆ ಐದು ಮಂದಿಯಲ್ಲಿ ನಾನೂ ಒಬ್ಬ' ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ.

ಏಳು ಗುರುತು, ಒಂದೇ ಕಥೆ

ಮಾದರಿ ವರದಿಗೆ ಮರಳೋಣ. ಮೊದಲ ಏಳು ಗುರುತುಗಳೂ ಕೆಂಪು ರಕ್ತಕಣಕ್ಕೆ ಸೇರಿದವು. ಇವೆಲ್ಲ ಬೇರೆ ಬೇರೆ ಪರೀಕ್ಷೆಗಳಲ್ಲ. ಯಂತ್ರ ಕೆಲವನ್ನು ಅಳೆಯುತ್ತದೆ, ಉಳಿದವನ್ನು ಅವುಗಳಿಂದಲೇ ಲೆಕ್ಕ ಹಾಕುತ್ತದೆ. ಹಾಗಾಗಿ ಒಂದು ಅಂಕಿ ಬದಿಗೆ ಸರಿದರೆ ಅದರೊಂದಿಗೆ ನಾಲ್ಕಾರು ಸಾಲುಗಳು ಸರಿಯುತ್ತವೆ.

ಹಿಮೋಗ್ಲೋಬಿನ್ ಎಂದರೆ ಆಮ್ಲಜನಕ ಹೊರುವ, ಕಬ್ಬಿಣಾಂಶವಿರುವ ಪ್ರೋಟೀನ್. ಒಂದು ಡೆಸಿಲೀಟರ್ ರಕ್ತದಲ್ಲಿ ಅದು ಎಷ್ಟು ಗ್ರಾಂ ಇದೆ ಎಂಬುದು ಮೊದಲ ಸಾಲು. ಕೆಂಪು ರಕ್ತಕಣದ ಸಾಲು ಆ ಪ್ರೋಟೀನ್ ತುಂಬಿದ ಕಣಗಳ ಸಂಖ್ಯೆ. ಪಿಸಿವಿ ಎಂದರೆ ರಕ್ತದ ಒಟ್ಟು ಗಾತ್ರದಲ್ಲಿ ಕೆಂಪು ಕಣಗಳು ಹಿಡಿದಿರುವ ಪಾಲು. ಎಂಸಿವಿ ಒಂದು ಕಣದ ಸರಾಸರಿ ಗಾತ್ರ. ಎಂಸಿಎಚ್ ಒಂದು ಕಣದಲ್ಲಿರುವ ಹಿಮೋಗ್ಲೋಬಿನ್ ತೂಕ. ಎಂಸಿಎಚ್‌ಸಿ ಕಣದೊಳಗೆ ಅದರ ಸಾಂದ್ರತೆ. ಆರ್‌ಡಿಡಬ್ಲ್ಯು ಕಣಗಳ ಗಾತ್ರದಲ್ಲಿ ಎಷ್ಟು ಏರುಪೇರಿದೆ ಎಂಬುದರ ಅಳತೆ.

ಈ ಮಹಿಳೆಯ ಕಣಗಳು ಚಿಕ್ಕವು, ಒಳಗೆ ಸರಕು ಕಡಿಮೆ. ಇಷ್ಟನ್ನು ನೋಡಿದವರು ಕಬ್ಬಿಣದ ಕೊರತೆ ಎಂದುಬಿಡುತ್ತಾರೆ. ನಮ್ಮ ದೇಶದಲ್ಲಿ ಆ ಊಹೆ ಬಹುಪಾಲು ಸಲ ಸರಿಯೇ. ಆದರೆ ಇಲ್ಲಿ ಒಂದು ಸಾಲು ಎದುರು ನಿಂತಿದೆ. ಕಬ್ಬಿಣವಿಲ್ಲದಿದ್ದರೆ ಮೂಳೆಮಜ್ಜೆಗೆ ಕಚ್ಚಾವಸ್ತುವೇ ಇಲ್ಲ, ಆಗ ಕಣ ಚಿಕ್ಕದಾಗುವುದಷ್ಟೇ ಅಲ್ಲ, ಸಂಖ್ಯೆಯೂ ಇಳಿಯಬೇಕು ಅಥವಾ ಇದ್ದಲ್ಲೇ ಇರಬೇಕು. ಇವರ ಕಣಗಳ ಸಂಖ್ಯೆ 5.60 ಮಿಲಿಯನ್. ಮಿತಿಗಿಂತ ಮೇಲಿದೆ. ರಕ್ತ ಕಡಿಮೆ ಇರುವವರಲ್ಲಿ ರಕ್ತಕಣ ಹೆಚ್ಚು!

ಈ ವಿಚಿತ್ರ ಜೋಡಿ ತಲಸ್ಸೀಮಿಯಾ ಮೈನರ್ ಅಥವಾ ಟ್ರೇಟ್ ಎಂಬ ಸ್ಥಿತಿಯ ಸುಳಿವು. ಇದರಲ್ಲಿ ಕಬ್ಬಿಣಕ್ಕೆ ಕೊರತೆಯಿಲ್ಲ. ಹಿಮೋಗ್ಲೋಬಿನ್ ಕಟ್ಟಲು ಬೇಕಾದ ಪ್ರೋಟೀನ್ ಸರಪಳಿಯನ್ನು ತಯಾರಿಸುವ ಎರಡು ಜೀನ್‌ಗಳಲ್ಲಿ ಒಂದು ಹುಟ್ಟಿನಿಂದಲೇ ಮಂದ. ಹಾಗಾಗಿ ದೇಹ ಸಣ್ಣ ಸಣ್ಣ ಕಣಗಳನ್ನು ಹೆಚ್ಚು ಸಂಖ್ಯೆಯಲ್ಲಿ ಮಾಡಿ ಸರಿದೂಗಿಸಿಕೊಳ್ಳುತ್ತದೆ. ಕಣಗಳೆಲ್ಲ ಒಂದೇ ರೀತಿ ಚಿಕ್ಕದಾಗಿರುವುದರಿಂದ ಆರ್‌ಡಿಡಬ್ಲ್ಯು ಹೆಚ್ಚೇನೂ ಏರುವುದಿಲ್ಲ. ಕಬ್ಬಿಣದ ಕೊರತೆಯಲ್ಲಿ ದೊಡ್ಡವೂ ಚಿಕ್ಕವೂ ಬೆರೆತಿರುವುದರಿಂದ ಅದು ಸಾಮಾನ್ಯವಾಗಿ ಚೆನ್ನಾಗಿ ಏರಿರುತ್ತದೆ.

ಎರಡನ್ನೂ ಬೇರ್ಪಡಿಸಲು ವೈದ್ಯರು ಬಳಸುವ ಒಂದು ಸರಳ ಭಾಗಾಕಾರವಿದೆ. 1973ರಲ್ಲಿ ವಿಲಿಯಂ ಮೆಂಟ್ಸರ್ ಎಂಬ ವೈದ್ಯರು ಸೂಚಿಸಿದ್ದು. ಎಂಸಿವಿಯನ್ನು ಕೆಂಪು ಕಣಗಳ ಸಂಖ್ಯೆಯಿಂದ (ಮಿಲಿಯನ್‌ನಲ್ಲಿ) ಭಾಗಿಸಬೇಕು. ಉತ್ತರ 13ಕ್ಕಿಂತ ಕಡಿಮೆ ಬಂದರೆ ತಲಸ್ಸೀಮಿಯಾ ಟ್ರೇಟ್ ಕಡೆಗೆ, ಹೆಚ್ಚು ಬಂದರೆ ಕಬ್ಬಿಣದ ಕೊರತೆ ಕಡೆಗೆ ಬೆರಳು ತೋರಿಸುತ್ತದೆ. ಈ ಮಹಿಳೆಯದ್ದು 62.5 ÷ 5.60 = 11.2. ಹೋಲಿಕೆಗೆ, ಎಂಸಿವಿ 72, ಕಣಗಳು 4.1 ಮಿಲಿಯನ್ ಇರುವ ಇನ್ನೊಬ್ಬರನ್ನು ತೆಗೆದುಕೊಂಡರೆ ಉತ್ತರ 17.6.

ಇದು ಸುಳಿವು ಮಾತ್ರ, ತೀರ್ಪಲ್ಲ. ಎರಡೂ ಒಬ್ಬರಲ್ಲೇ ಇರಬಹುದು, ಆಗ ಲೆಕ್ಕ ಕಲಸಿಹೋಗುತ್ತದೆ. ತೀರ್ಮಾನಕ್ಕೆ ಎರಡು ಪರೀಕ್ಷೆ ಬೇಕು. ಫೆರಿಟಿನ್ ಎಂಬುದು ದೇಹದ ಕಬ್ಬಿಣದ ದಾಸ್ತಾನು ತೋರಿಸುತ್ತದೆ. ಎಚ್‌ಪಿಎಲ್‌ಸಿ ಎಂಬುದು ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಎಚ್‌ಬಿಎ2 ಎಂಬುದರ ಪಾಲು ಹೇಳುತ್ತದೆ. ಅದು ಶೇ 3.5ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಬೀಟಾ ತಲಸ್ಸೀಮಿಯಾ ಟ್ರೇಟ್ ಎಂದು ಪರಿಗಣಿಸುತ್ತಾರೆ. ಕಬ್ಬಿಣದ ಕೊರತೆ ತೀವ್ರವಾಗಿದ್ದರೆ ಎಚ್‌ಬಿಎ2 ಸ್ವಲ್ಪ ಇಳಿದು ಟ್ರೇಟ್ ಮುಚ್ಚಿಹೋಗಬಹುದು. ಆದ್ದರಿಂದಲೇ ಎರಡು ಪರೀಕ್ಷೆಗಳನ್ನೂ ಒಟ್ಟಿಗೆ ನೋಡುತ್ತಾರೆ. ಲೆಕ್ಕ 13ಕ್ಕಿಂತ ಕಡಿಮೆ ಬಂತೆಂದು ಗರ್ಭಿಣಿಯರು ತಾವಾಗಿಯೇ ಕಬ್ಬಿಣದ ಮಾತ್ರೆ ಬಿಡಬಾರದು.

ಗಂಡನ ವರದಿ ಯಾಕೆ ಬೇಕು?

ಟ್ರೇಟ್ ಇರುವವರಿಗೆ ಚಿಕಿತ್ಸೆಯ ಅಗತ್ಯವಿಲ್ಲ. ಹಲವರಿಗೆ ಜೀವನಪೂರ್ತಿ ಗೊತ್ತೇ ಆಗುವುದಿಲ್ಲ. ಪ್ರಶ್ನೆ ಏಳುವುದು ಗಂಡ, ಹೆಂಡತಿ ಇಬ್ಬರಲ್ಲೂ ಅದು ಇದ್ದಾಗ. ಆಗ ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ತಲಸ್ಸೀಮಿಯಾ ಮೇಜರ್ ಬರುವ ಸಾಧ್ಯತೆ ಶೇ 25. ಮೊದಲ ಮಗು ಚೆನ್ನಾಗಿದೆ ಎಂದರೆ ಎರಡನೆಯದಕ್ಕೆ ಅಪಾಯ ಕಡಿಮೆಯಾಗುವುದಿಲ್ಲ, ಪ್ರತಿ ಸಲವೂ ಅದೇ ಶೇ 25. ಮೇಜರ್ ಇರುವ ಮಗುವಿಗೆ ಸಾಮಾನ್ಯವಾಗಿ ಎರಡು ವರ್ಷ ತುಂಬುವ ಮೊದಲೇ ರಕ್ತ ಕೊಡಿಸುವುದು ಶುರುವಾಗುತ್ತದೆ. ಅದು ಎರಡರಿಂದ ನಾಲ್ಕು ವಾರಕ್ಕೊಮ್ಮೆ ನಡೆಯಬೇಕು. ಕೊಟ್ಟ ರಕ್ತದಿಂದ ಹೃದಯ, ಯಕೃತ್ತಿನಲ್ಲಿ ಶೇಖರವಾಗುವ ಕಬ್ಬಿಣ ತೆಗೆಯಲು ಬೇರೆ ಔಷಧಿ ಬೇಕು.

ಕಲ್ಯಾಣ್ ಭಾಗದ ವೈದ್ಯರಿಗೆ ಇದು ಪರಿಚಿತ ವಿಷಯ. ಪಕ್ಕದ ಉಲ್ಹಾಸ್‌ನಗರ ಬೆಳೆದದ್ದೇ ದೇಶ ವಿಭಜನೆಯ ನಂತರ ಕಲ್ಯಾಣ್ ಮಿಲಿಟರಿ ಕ್ಯಾಂಪಿನಲ್ಲಿ ನೆಲೆ ಕಂಡ ಸಿಂಧಿ ಕುಟುಂಬಗಳಿಂದ. ಸಿಂಧಿ ಸಮುದಾಯದಲ್ಲಿ ಬೀಟಾ ತಲಸ್ಸೀಮಿಯಾ ಟ್ರೇಟ್ ಪ್ರಮಾಣ ದೇಶದ ಸರಾಸರಿಗಿಂತ ಹೆಚ್ಚು. ಆದರೆ 'ಅದು ಅವರ ಕಾಯಿಲೆ, ನಮ್ಮವರಲ್ಲಿ ಇಲ್ಲ' ಎಂಬ ಮಾತಿಗೆ ಆಧಾರವಿಲ್ಲ. ದೇಶದಲ್ಲಿ ಸರಾಸರಿ ನೂರಕ್ಕೆ ಮೂರು, ನಾಲ್ಕು ಮಂದಿ ಈ ಟ್ರೇಟ್ ಹೊತ್ತವರು. ಕನ್ನಡಿಗರು ಅದಕ್ಕೆ ಹೊರತಲ್ಲ. ಕಟ್ಟಡದಲ್ಲಿ ನಾಲ್ಕು ಭಾಷೆ, ಮದುವೆಯಲ್ಲಿ ಎರಡು ಭಾಷೆ ಇರುವ ಈ ನಗರಗಳಲ್ಲಿ ಜಾತಿ ಕೇಳಿ ಅಪಾಯ ಅಳೆಯುವುದೂ ಸಾಧ್ಯವಿಲ್ಲ.

ಹೀಗಾಗಿ ಈ ವರದಿಯ ಮುಂದಿನ ಹೆಜ್ಜೆ ಬೀಟ್‌ರೂಟ್ ಅಲ್ಲ, ಎಚ್‌ಪಿಎಲ್‌ಸಿ. ಅದು ಗರ್ಭ ಧರಿಸುವ ಮೊದಲೇ ಆದರೆ ಒಳ್ಳೆಯದು. ತಡವಾದರೆ ಮೊದಲ ತಿಂಗಳುಗಳಲ್ಲಾದರೂ ಆಗಬೇಕು, ಏಕೆಂದರೆ ಇಬ್ಬರಲ್ಲೂ ಟ್ರೇಟ್ ಕಂಡರೆ ಭ್ರೂಣದ ಪರೀಕ್ಷೆ 10–12 ವಾರದ ಸುಮಾರಿಗೆ ಸಾಧ್ಯ.

ಉಳಿದ ಎರಡು ಗುರುತು

ಎಂಟನೆಯದು ಲಿಂಫೋಸೈಟ್ ಶೇ 42. ಬಿಳಿ ಕಣಗಳಲ್ಲಿ ಐದು ಬಗೆ, ಎಲ್ಲದರ ಪಾಲು ಸೇರಿ ನೂರು ಆಗಲೇಬೇಕು. ಒಂದು ಇಳಿದರೆ ಇನ್ನೊಂದು ಏರಿದಂತೆ ಕಾಣುತ್ತದೆ. ನಿಜ ತಿಳಿಯಲು ಸಂಖ್ಯೆ ಬೇಕು: 6,400ರ ಶೇ 42 ಎಂದರೆ 2,688. ದೊಡ್ಡವರಿಗೆ 1,000ದಿಂದ 3,000 ಸಹಜ. ವರದಿಯ ಕೆಳಗೆ 'ಅಬ್ಸಲ್ಯೂಟ್ ಕೌಂಟ್' ಎಂಬ ಸಾಲಿನಲ್ಲಿ ಇದೇ ಲೆಕ್ಕ ಇರುತ್ತದೆ, ಅಲ್ಲಿ ಯಾವ ಗುರುತೂ ಇರುವುದಿಲ್ಲ. ಈ ಎಂಟನೆಯ ಗುರುತನ್ನು ಮರೆಯಬಹುದು.

ಒಂಬತ್ತನೆಯದು ಪ್ಲೇಟ್‌ಲೆಟ್ 1.36 ಲಕ್ಷ. ಮಳೆಗಾಲದಲ್ಲಿ ಡೊಂಬಿವಲಿಯಿಂದ ನವಿ ಮುಂಬೈವರೆಗೆ ಅತಿ ಹೆಚ್ಚು ನಿದ್ದೆಗೆಡಿಸುವ ಸಾಲು ಇದು. ಆದರೆ ಈ ವರದಿಯ ಎರಡನೇ ಪುಟದ ಷರಾದಲ್ಲಿ 'ಪ್ಲೇಟ್‌ಲೆಟ್ ಕ್ಲಂಪ್ಸ್ ಸೀನ್' ಎಂದಿದೆ ಎಂದುಕೊಳ್ಳಿ. ಸ್ಕ್ರೀನ್‌ಶಾಟ್‌ನಲ್ಲಿ ಕತ್ತರಿಸಿಹೋಗುವುದು ಇದೇ ಸಾಲು. ಸಿಬಿಸಿಗೆ ರಕ್ತ ಹಿಡಿಯುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯಲು ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಕೆಲವರ ಪ್ಲೇಟ್‌ಲೆಟ್‌ಗಳು ಅದು ತಗುಲಿದ ಕೂಡಲೇ ಗುಂಪುಗೂಡುತ್ತವೆ. ಇದು ದೇಹದೊಳಗಲ್ಲ, ಟ್ಯೂಬಿನಲ್ಲಿ ಆಗುವ ಸಂಗತಿ. ಯಂತ್ರ ಆ ಗುಂಪನ್ನು ಪ್ಲೇಟ್‌ಲೆಟ್ ಎಂದು ಎಣಿಸುವುದಿಲ್ಲ, ಅಂಕಿ ಸುಳ್ಳೇ ಇಳಿಯುತ್ತದೆ. ಗಾಜಿನ ಪಟ್ಟಿಯ ಮೇಲೆ ರಕ್ತ ಲೇಪಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೊತ್ತಾಗುತ್ತದೆ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ಎಣಿಸಬಹುದು. ಆ ಟ್ಯೂಬಿನ ದ್ರವದಿಂದ ರಕ್ತ ತುಸು ತೆಳುವಾಗುವುದರಿಂದ ಬಂದ ಅಂಕಿಯನ್ನು 1.1ರಿಂದ ಗುಣಿಸುತ್ತಾರೆ.

ಜ್ವರ ಇದ್ದರೆ ಮಾತು ಬೇರೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ನಿಜವಾಗಿಯೂ ಇಳಿಯುತ್ತದೆ. ಎಲ್ಲರೂ ಅದೊಂದನ್ನೇ ನೋಡುತ್ತಾರೆ, ವೈದ್ಯರು ಜೊತೆಗೆ ಪಿಸಿವಿ ನೋಡುತ್ತಾರೆ. ರಕ್ತನಾಳದಿಂದ ದ್ರವ ಸೋರಿದರೆ ಉಳಿದ ರಕ್ತ ಗಟ್ಟಿಯಾಗಿ ಪಿಸಿವಿ ಏರುತ್ತದೆ. ಪ್ಲೇಟ್‌ಲೆಟ್ ಇಳಿಯುತ್ತಿರುವಾಗಲೇ ಪಿಸಿವಿ ಏರುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ, ಅದೂ ಹೆಚ್ಚಾಗಿ ಜ್ವರ ಬಿಟ್ಟಿತು ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿನಲ್ಲಿ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಪರು ಕಂಡರೆ ಅಂಕಿ ಎಷ್ಟೇ ಇರಲಿ, ಆಸ್ಪತ್ರೆಗೆ ಹೋಗಬೇಕು.

ಫೋಟೋ ಕಳಿಸುವಾಗ

ಫೋಟೋದಲ್ಲಿ ಮೊದಲು ಕಳೆದುಹೋಗುವುದು ಅಳತೆಯ ಘಟಕ. ಒಂದು ಲ್ಯಾಬ್ ಪ್ಲೇಟ್‌ಲೆಟ್ ಅನ್ನು 1.36 ಲಕ್ಷ ಎಂದು ಬರೆದರೆ ಇನ್ನೊಂದು 136 ಎಂದು ಬರೆದು ಪಕ್ಕದಲ್ಲಿ `10^3/µL` ಎಂದು ಹಾಕಿರುತ್ತದೆ. ಎರಡೂ 1,36,000ವೇ. ಘಟಕದ ಕಾಲಂ ಕತ್ತರಿಸಿ ಕಳಿಸಿದರೆ ಊರಿನಲ್ಲಿ ಓದುವವರು ಪ್ಲೇಟ್‌ಲೆಟ್ ಬರೀ 136 ಎಂದು ಗಾಬರಿಯಾಗುತ್ತಾರೆ. ಮಂಜಾದ ಫೋಟೋದಲ್ಲಿ ದಶಮಾಂಶ ಬಿಂದು ಮಾಯವಾಗುವುದೂ ಇದೆ. ಪಿಡಿಎಫ್ ಅನ್ನೇ ಎಲ್ಲ ಪುಟಗಳೊಂದಿಗೆ ಕಳಿಸುವುದು, ಹಳೆಯ ವರದಿ ಇದ್ದರೆ ಜೊತೆಗಿಡುವುದು ವೈದ್ಯರಿಗೆ ಹೆಚ್ಚು ಅನುಕೂಲ. ಈ ಮಹಿಳೆಯ ವಿಷಯದಲ್ಲಂತೂ ಕಾಲೇಜು ದಿನಗಳ ವರದಿಯಲ್ಲೂ ಎಂಸಿವಿ 63ರ ಆಸುಪಾಸಿನಲ್ಲೇ ಇದ್ದರೆ, ಹತ್ತು ವರ್ಷ ಕಬ್ಬಿಣಕ್ಕೆ ಜಗ್ಗದ ಆ ಅಂಕಿ ಮೆಂಟ್ಸರ್ ಲೆಕ್ಕಕ್ಕಿಂತ ದೊಡ್ಡ ಸಾಕ್ಷಿ.

ಎಚ್‌ಪಿಎಲ್‌ಸಿಯಲ್ಲಿ ಅವರ ಎಚ್‌ಬಿಎ2 ಶೇ 5.2 ಬಂತು ಎಂದುಕೊಳ್ಳಿ. ಟ್ರೇಟ್ ಖಚಿತವಾಯಿತು. ಗಂಡನ ಸಿಬಿಸಿಯಲ್ಲಿ ಎಂಸಿವಿ 88, ಯಾವ ಗುರುತೂ ಇಲ್ಲ. ಹಾಗಿದ್ದರೂ ವೈದ್ಯರು ಅವರಿಗೂ ಒಂದು ಎಚ್‌ಪಿಎಲ್‌ಸಿ ಬರೆಯುತ್ತಾರೆ, ಏಕೆಂದರೆ ಹಿಮೋಗ್ಲೋಬಿನ್‌ನ ಕೆಲವು ಆನುವಂಶಿಕ ದೋಷಗಳಲ್ಲಿ ಕಣದ ಗಾತ್ರ ಸಹಜವಾಗಿಯೇ ಇರುತ್ತದೆ. ಅದು ಶೇ 2.7 ಬಂದು, ಬೇರೆ ಯಾವ ಅಸಹಜ ಬಗೆಯೂ ಕಾಣದಿದ್ದರೆ ಮಗುವಿಗೆ ಮೇಜರ್‌ನ ಭಯ ಬಹುಮಟ್ಟಿಗೆ ದೂರ. ಮಗುವಿಗೆ ತಾಯಿಯಂತೆ ಟ್ರೇಟ್ ಬರುವ ಸಾಧ್ಯತೆ ಅರ್ಧಕ್ಕರ್ಧ ಉಳಿಯುತ್ತದೆ. ಅವರ ತಂಗಿಯ ಮದುವೆ ಮಾತುಕತೆ ನಡೆಯುತ್ತಿದ್ದರೆ ಇದೇ ಪರೀಕ್ಷೆ ಆಕೆಗೂ ಆಗಬೇಕು.